ಹೇರ್ ಡೈ ಹಚ್ಚಿ ತುರಿಕೆ ಬಂತೇ? ತಯಾರಕರಿಗೆ ಪತ್ರ ಬರೆಯುವುದು ಹೀಗೆ

ಡೈ ಹಚ್ಚಿದ ಮೇಲೆ ತಲೆ ತುರಿಸುತ್ತಿದೆ, ಕಿವಿ ಬಾತುಕೊಂಡಿದೆ, ಕಂಪನಿಗೆ ಬರೆದರೆ ದುಡ್ಡು ವಾಪಸ್ ಕೊಡ್ತಾರಾ? ಕಾರವಾರದಿಂದಲೂ ಶಿರಸಿಯಿಂದಲೂ ಓದುಗರು ಕೇಳುತ್ತಲೇ ಇರುತ್ತಾರೆ. ಕೊಡುತ್ತಾರೆ, ಹಲವು ಕಂಪನಿಗಳು ಹೆಚ್ಚು ತಕರಾರಿಲ್ಲದೆ ಕೊಡುತ್ತವೆ. ಆದರೆ ಪೊಟ್ಟಣದ ಬೆಲೆ ಇಪ್ಪತ್ತೋ ಇನ್ನೂರೋ ರೂಪಾಯಿ. ಪತ್ರದಿಂದ ನೀವು ಪಡೆಯಬೇಕಾದ ದೊಡ್ಡ ವಸ್ತು ಅದಲ್ಲ. ಆ ಡೈಯಲ್ಲಿ ಏನೇನು ಹಾಕಿದ್ದಾರೆ ಎಂಬ ಪಟ್ಟಿ ನಿಮ್ಮ ಕೈಗೆ ಬರಬೇಕು. ಒಮ್ಮೆ ಮೈಗೆ ಆಗದ ವಸ್ತು ಸಾಮಾನ್ಯವಾಗಿ ಜೀವನಪೂರ್ತಿ ಆಗುವುದಿಲ್ಲ. ಅದರ ಹೆಸರು ಗೊತ್ತಿಲ್ಲದಿದ್ದರೆ ಮುಂದಿನ ಸಲ ಬೇರೆ ಬ್ರ್ಯಾಂಡ್ ಕೊಂಡು ಅದೇ ವಸ್ತುವನ್ನು ಮತ್ತೆ ತಲೆಗೆ ಹಚ್ಚಿಕೊಳ್ಳುತ್ತೀರಿ.

ಇಲ್ಲಿ ಹೇಳುತ್ತಿರುವುದು ಕೂದಲಿಗೆ ಹಚ್ಚುವ ಡೈ ಮತ್ತು "ಕಪ್ಪು ಮೆಹಂದಿ" ಪುಡಿಯ ಬಗ್ಗೆ.

ಪತ್ರಕ್ಕೂ ಮೊದಲು ಒಂದು ಮಾತು. ರೆಪ್ಪೆ ಬಾತು ಕಣ್ಣು ಮುಚ್ಚಿಹೋಗಿದ್ದರೆ, ತುಟಿ ಅಥವಾ ನಾಲಿಗೆ ದಪ್ಪಗಾಗಿದ್ದರೆ, ಉಸಿರು ಕಟ್ಟಿದಂತೆ ಅನಿಸಿದರೆ, ಮೈತುಂಬ ಗಂದೆ ಎದ್ದರೆ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಬರೀ ತುರಿಕೆಯಾದರೆ ಸೌಮ್ಯ ಶಾಂಪೂ ಹಾಕಿ, ನೀರು ಜಾಸ್ತಿ ಬಳಸಿ ತಲೆ ತೊಳೆದು ವೈದ್ಯರಿಗೆ ತೋರಿಸಿ. ಅರಿಶಿನ, ಲಿಂಬೆರಸ ಹಚ್ಚಬೇಡಿ. ಚರ್ಮ ಇನ್ನಷ್ಟು ಕೆರಳುತ್ತದೆ, "ನೀವು ಹಚ್ಚಿದ ಲಿಂಬೆಯಿಂದಲೇ ಹೀಗಾಯಿತು" ಎನ್ನಲು ಕಂಪನಿಗೂ ಒಂದು ದಾರಿ ಸಿಗುತ್ತದೆ.

1. ಪೊಟ್ಟಣ ಎಸೆಯಬೇಡಿ

ಹೆಚ್ಚಿನವರು ಎಡವುವುದು ಇಲ್ಲೇ. ಡೈ ಕಲಸಿದ ತಕ್ಷಣ ಪೊಟ್ಟಣ ಕಸದ ಬುಟ್ಟಿಗೆ ಹೋಗುತ್ತದೆ. ತುರಿಕೆ ಶುರುವಾಗುವುದು ಒಂದೆರಡು ದಿನ ಬಿಟ್ಟು. ಅಷ್ಟರಲ್ಲಿ ಕಸದ ಗಾಡಿ ಬಂದು ಹೋಗಿರುತ್ತದೆ. ಇನ್ನೂ ಸಿಗುವಂತಿದ್ದರೆ ಹುಡುಕಿ ತೆಗೆದಿಡಿ. ಸಿಗದಿದ್ದರೆ ಅದೇ ಅಂಗಡಿಗೆ ಹೋಗಿ ಅದೇ ಮಾಲಿನ ಇನ್ನೊಂದು ಪೊಟ್ಟಣ ಕೊಳ್ಳಿ, ತೆರೆಯದೆ ಇಡಿ. ಅದೇ ಬ್ಯಾಚ್ ಆಗಿದ್ದರೆ ಒಳ್ಳೆಯದು. ಆದರೆ ಪತ್ರದಲ್ಲಿ "ಇದು ನಂತರ ಕೊಂಡದ್ದು" ಎಂದೇ ಬರೆಯಿರಿ.

ಪೊಟ್ಟಣದ ಎಲ್ಲ ಬದಿಗಳ ಫೋಟೋ ಹಗಲು ಬೆಳಕಿನಲ್ಲಿ ತೆಗೆಯಿರಿ. ನಂತರ ಇವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು, ಬಳಕೆಯ ಕೊನೆ ದಿನಾಂಕ, ಎಂಆರ್‌ಪಿ, ಪರವಾನಗಿ ಸಂಖ್ಯೆ, ತಯಾರಕರ ವಿಳಾಸ. ಇವುಗಳಲ್ಲಿ ಮುಖ್ಯವಾದುದು ಬ್ಯಾಚ್ ಸಂಖ್ಯೆ. ಒಂದೇ ಸಲ ಕಲಸಿ ತುಂಬಿದ ಮಾಲಿಗೆಲ್ಲ ಕಾರ್ಖಾನೆಯಲ್ಲಿ ಕೊಡುವ ಗುರುತು ಅದು. ಸಾಮಾನ್ಯವಾಗಿ ಪೊಟ್ಟಣದ ಅಂಚಿನಲ್ಲಿ ಮಸುಕಾಗಿ ಒತ್ತಿರುತ್ತಾರೆ, ಹರಿಯುವಾಗ ಅದೇ ಭಾಗ ಹರಿದುಹೋಗುತ್ತದೆ. ಅದಿಲ್ಲದ ದೂರನ್ನು ಕಂಪನಿಯ ಗುಣಮಟ್ಟ ವಿಭಾಗ ಮುಂದಕ್ಕೆ ಒಯ್ಯುವುದು ಕಷ್ಟ.

ಪುಡಿ ಉಳಿದಿದ್ದರೆ ಪೊಟ್ಟಣದ ಸಮೇತ ಒಂದು ಜಿಪ್ ಚೀಲದಲ್ಲಿ ಹಾಕಿ ಒಣ ಜಾಗದಲ್ಲಿಡಿ. ಕರಾವಳಿಯ ಹವೆಗೆ, ಅದೂ ಮಳೆಗಾಲದಲ್ಲಿ, ತೆರೆದಿಟ್ಟ ಪುಡಿ ಬೇಗ ತೇವ ಹಿಡಿಯುತ್ತದೆ. ಇಂಥ ಪುಡಿಯಲ್ಲಿ ಬಣ್ಣದ ಜೊತೆಗೆ ಅದನ್ನು ಕಪ್ಪಾಗಿಸುವ ವಸ್ತುವೂ ಬೆರೆತಿರುತ್ತದೆ. ನೀರು ತಾಗಿದರೆ ಚೀಲದೊಳಗೇ ಕೆಲಸ ಶುರು. ಆಮೇಲೆ ಪರೀಕ್ಷೆಗೆ ಕಳಿಸಿ ಪ್ರಯೋಜನವಿಲ್ಲ.

ಬಿಲ್ ಇಲ್ಲವೆಂದು ಕೈಬಿಡಬೇಡಿ. ಹತ್ತು-ಇಪ್ಪತ್ತು ರೂಪಾಯಿ ಮಾಲಿಗೆ ಯಾವ ಕಿರಾಣಿ ಅಂಗಡಿಯಲ್ಲೂ ಬಿಲ್ ಕೊಡುವುದಿಲ್ಲ. ಫೋನ್‌ನಲ್ಲಿ ಹಣ ಕೊಟ್ಟಿದ್ದರೆ ಆ ದಿನದ ಯುಪಿಐ ದಾಖಲೆ ಸಾಕು. ನಗದು ಕೊಟ್ಟಿದ್ದರೆ ಅಂಗಡಿಯವರ ಬಳಿ "ಇಂಥ ದಿನ ಈ ಮಾಲು ನಮ್ಮಲ್ಲಿ ಕೊಂಡಿದ್ದಾರೆ" ಎಂದು ಒಂದು ಚೀಟಿ ಬರೆಸಿ, ಸೀಲು ಹಾಕಿಸಿ. ನಮ್ಮೂರಿನ ಪರಿಚಯದ ಅಂಗಡಿಯಲ್ಲಿ ಇದು ದೊಡ್ಡ ಕೆಲಸವಲ್ಲ. ದೂರು ಅವರ ಮೇಲಲ್ಲ ಎಂದು ಮೊದಲೇ ಹೇಳಿದರೆ ಆಯಿತು.

2. ಯಾವಾಗ ಹಚ್ಚಿದಿರಿ, ಯಾವಾಗ ತುರಿಸಿತು: ಗಂಟೆ ಲೆಕ್ಕ ಬರೆಯಿರಿ

ತುರಿಕೆಯಲ್ಲಿ ಎರಡು ಬಗೆ. ಹಚ್ಚಿದ ಕೆಲವೇ ನಿಮಿಷಕ್ಕೆ ಉರಿ ಎದ್ದು, ತೊಳೆದ ಮೇಲೆ ಕಡಿಮೆಯಾಗುತ್ತಾ ಹೋದರೆ ಅದು ಹೆಚ್ಚಾಗಿ ಅಮೋನಿಯಾ, ಪೆರಾಕ್ಸೈಡ್‌ನಂಥ ಖಾರದ ವಸ್ತುಗಳು ಚರ್ಮವನ್ನು ಕೆರಳಿಸಿದ್ದು. ಎರಡನೆಯದು ಅಲರ್ಜಿ. ಇದು ತಡವಾಗಿ ಬರುತ್ತದೆ, ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ. ತೊಳೆದ ಮೇಲೂ ಏರುತ್ತಲೇ ಹೋಗುತ್ತದೆ. ತಲೆಯ ಚರ್ಮಕ್ಕಿಂತ ಹಣೆಯ ಅಂಚು, ಕಿವಿಯ ಮೇಲ್ಭಾಗ, ಕುತ್ತಿಗೆಯ ಹಿಂಭಾಗ, ಕಣ್ಣಿನ ರೆಪ್ಪೆಗಳಲ್ಲಿ ಜಾಸ್ತಿ ಕಾಣುತ್ತದೆ. ರೆಪ್ಪೆಗೆ ಡೈ ತಾಗಿರಲೇಬೇಕೆಂದಿಲ್ಲ. ಅಲ್ಲಿನ ಚರ್ಮ ತೆಳು, ಹಾಗಾಗಿ ಬೇಗ ಬಾಯುತ್ತದೆ.

ಇದನ್ನು ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಅಂಕೋಲಾದ ಒಬ್ಬ ಮಹಿಳೆ ಭಾನುವಾರ ಬೆಳಗ್ಗೆ ಹತ್ತಕ್ಕೆ "ಹರ್ಬಲ್ ಕಪ್ಪು ಮೆಹಂದಿ"ಯ ಎರಡು ಪೊಟ್ಟಣ ನೀರಿನಲ್ಲಿ ಕಲಸಿ ಹಚ್ಚಿದರು, ಅರ್ಧ ಗಂಟೆ ಬಿಟ್ಟು ತೊಳೆದರು ಎಂದುಕೊಳ್ಳಿ. ಆ ದಿನ ಏನೂ ಆಗಲಿಲ್ಲ. ಸೋಮವಾರ ರಾತ್ರಿ ಒಂಬತ್ತರ ಹೊತ್ತಿಗೆ ಕಿವಿಯ ಹಿಂದೆ ತುರಿಕೆ. ಮಂಗಳವಾರ ಎದ್ದಾಗ ಎರಡೂ ರೆಪ್ಪೆ ಬಾತಿತ್ತು, ಹಣೆಯ ಅಂಚಿನಲ್ಲಿ ಸಣ್ಣ ನೀರು ಗುಳ್ಳೆ. ಇದೇ ಪುಡಿಯನ್ನು ಅವರು ಎರಡು ವರ್ಷದಿಂದ ಬಳಸುತ್ತಿದ್ದರು.

ಕೊನೆಯ ವಾಕ್ಯ ಓದಿ ಅನೇಕರು "ಹಾಗಾದರೆ ಡೈಯಿಂದ ಅಲ್ಲ" ಅಂದುಕೊಳ್ಳುತ್ತಾರೆ. ಕಂಪನಿಯ ಪ್ರತಿನಿಧಿಯೂ ಫೋನಿನಲ್ಲಿ ಅದನ್ನೇ ಹೇಳಬಹುದು. ಅದು ಸರಿಯಲ್ಲ. ಈ ಬಗೆಯ ಅಲರ್ಜಿ ಬರುವುದೇ ಹಾಗೆ. ದೇಹ ಮೊದಲು ಆ ವಸ್ತುವನ್ನು ಗುರುತು ಹಿಡಿದುಕೊಳ್ಳುತ್ತದೆ, ಅದಕ್ಕೆ ಹಲವು ಸಲದ ಬಳಕೆ ಬೇಕಾಗಬಹುದು. ನಂತರ ಒಂದು ದಿನ ಪ್ರತಿಭಟಿಸಲು ಶುರು ಮಾಡುತ್ತದೆ. ಆದ್ದರಿಂದ ಹಿಂದೆ ಬಳಸಿದ್ದನ್ನು ಮುಚ್ಚಿಡಬೇಡಿ, ಧಾರಾಳವಾಗಿ ಬರೆಯಿರಿ. ಹಿಂದೆ ಯಾವತ್ತಾದರೂ ಜಾತ್ರೆ ಪೇಟೆಯಲ್ಲಿ ಕೈಗೆ ಕಪ್ಪು ಮೆಹಂದಿ ಚಿತ್ತಾರ ಹಾಕಿಸಿಕೊಂಡಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಅಂಥ ಮೆಹಂದಿಯಿಂದಲೇ ದೇಹ ಮೊದಲ ಗುರುತು ಹಿಡಿದಿರುವುದು ಉಂಟು.

ನಮ್ಮ ಜಿಲ್ಲೆಯವರು ಎರಡು ವಿಷಯ ಮೊದಲೇ ಸ್ಪಷ್ಟ ಮಾಡಿಕೊಳ್ಳಬೇಕು. ಒಂದು, ಬೆವರುಸಾಲೆ. ಕರಾವಳಿಯ ಏಪ್ರಿಲ್-ಮೇ ಸೆಕೆಯಲ್ಲಿ ಎಲ್ಲರಿಗೂ ಅಷ್ಟಿಷ್ಟು ತುರಿಕೆ ಇದ್ದದ್ದೇ. ಆದರೆ ಬೆವರುಸಾಲೆ ಬೆನ್ನು, ಎದೆ, ಸೊಂಟದ ಪಟ್ಟಿಯ ಕಡೆ ಏಳುತ್ತದೆ, ರೆಪ್ಪೆ ಬಾಯಿಸುವುದಿಲ್ಲ. ಇನ್ನೊಂದು, ಗೇರು. ಗೇರುಬೀಜದ ಸಿಪ್ಪೆಯ ಎಣ್ಣೆಯಿಂದಲೂ ಮಾವಿನಕಾಯಿಯ ಸೊನೆಯಿಂದಲೂ ಹೀಗೇ ಗುಳ್ಳೆ, ಬಾವು ಬರುತ್ತದೆ. ಅದೇ ವಾರ ಗೇರು ಹೆಕ್ಕಿದ್ದರೆ, ಬೀಜ ಸುಟ್ಟಿದ್ದರೆ, ಉಪ್ಪಿನಕಾಯಿಗೆ ಮಿಡಿ ತೊಟ್ಟು ಮುರಿದಿದ್ದರೆ ವೈದ್ಯರಿಗೆ ಹೇಳಲೇಬೇಕು. ಸೊನೆಯ ಗಾಯ ಹೆಚ್ಚಾಗಿ ಬೆರಳು, ಮುಂಗೈ, ಬಾಯಿಯ ಸುತ್ತ ಇರುತ್ತದೆ. ಹಣೆಯ ಅಂಚು ಮತ್ತು ಕಿವಿಯನ್ನೇ ಹಿಡಿದು ಸಾಲಾಗಿ ಎದ್ದಿದ್ದರೆ ಡೈಯ ಮೇಲೆ ಅನುಮಾನ ಗಟ್ಟಿ.

ಮುಖದ ಫೋಟೋ ದಿನಕ್ಕೊಂದರಂತೆ ತೆಗೆದಿಡಿ. ವೈದ್ಯರ ಚೀಟಿಯಲ್ಲಿ "ಹೇರ್ ಡೈ ಹಚ್ಚಿದ ನಂತರ" ಎಂಬ ಮಾತು ಇರಲಿ ಎಂದು ಕೇಳಿಕೊಳ್ಳಿ. ಬರೀ "ಅಲರ್ಜಿ" ಎಂದಿದ್ದರೆ ಪತ್ರಕ್ಕೆ ಬಲವಿಲ್ಲ.

ಇನ್ನೊಂದು ಎಚ್ಚರಿಕೆ. "ಖಾತ್ರಿ ಮಾಡಿಕೊಳ್ಳೋಣ" ಅಂತ ಉಳಿದ ಪುಡಿಯನ್ನು ಮತ್ತೆ ಕೈಗೆ ಹಚ್ಚಿ ನೋಡಬೇಡಿ. ಎರಡನೇ ಸಲ ಇನ್ನೂ ಜೋರಾಗಿ ಬರಬಹುದು. ಆ ಪರೀಕ್ಷೆ ಚರ್ಮರೋಗ ವೈದ್ಯರ ಕೆಲಸ.

3. ಯಾರಿಗೆ ಬರೆಯಬೇಕು?

ಪೊಟ್ಟಣದ ಹಿಂದೆ ಸಾಮಾನ್ಯವಾಗಿ ಎರಡು ಹೆಸರು ಇರುತ್ತವೆ. ಒಂದು ತಯಾರಿಸಿದವರು, ಇನ್ನೊಂದು ಮಾರಾಟ ಮಾಡುವವರು. ಟಿವಿಯಲ್ಲಿ ಕಾಣುವ ಹೆಸರು ಎರಡನೆಯದು. ಪುಡಿ ಕಲಸಿ ತುಂಬಿದ್ದು ಮೊದಲನೆಯವರು, ಪರವಾನಗಿ ಇರುವುದೂ ಅವರ ಹೆಸರಿನಲ್ಲೇ. ಪತ್ರ ತಯಾರಕರಿಗೆ ಬರೆದು ಪ್ರತಿಯನ್ನು ಮಾರಾಟಗಾರರಿಗೆ ಕಳಿಸಿ. ಬರೀ ಒಬ್ಬರಿಗೆ ಬರೆದರೆ "ಅದು ಅವರ ಜವಾಬ್ದಾರಿ" ಎಂಬ ಉತ್ತರ ಬಂದು ಎರಡು ವಾರ ಹಾಳಾಗುತ್ತದೆ.

ಪೊಟ್ಟಣ ಕಟ್ಟಿ ಮಾರುವ ವಸ್ತುಗಳ ನಿಯಮದ ಪ್ರಕಾರ ದೂರಿಗೆ ಯಾರನ್ನು ಸಂಪರ್ಕಿಸಬೇಕು ಎಂಬ ವಿವರವೂ ಲೇಬಲ್ಲಿನ ಮೇಲೆ ಇರಬೇಕು. ಫೋನ್ ನಂಬರಿಗೆ ಕರೆ ಮಾಡಿ ದೂರಿನ ಸಂಖ್ಯೆ ತೆಗೆದುಕೊಳ್ಳಿ, ಆದರೆ ಅಲ್ಲಿಗೇ ಬಿಡಬೇಡಿ. ಫೋನಿನಲ್ಲಿ ಆಡಿದ ಮಾತಿಗೆ ದಾಖಲೆ ಇರುವುದು ಅವರ ಬಳಿ, ನಿಮ್ಮ ಬಳಿ ಅಲ್ಲ.

4. ಪದಾರ್ಥಗಳ ಬಗ್ಗೆ ಏನು ಕೇಳಬೇಕು?

ಪತ್ರದ ಜೀವ ಇರುವುದು ಇಲ್ಲಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಪ್ಪು ಡೈಗಳಲ್ಲಿ ಅಲರ್ಜಿಗೆ ಅತಿ ಹೆಚ್ಚು ಹೆಸರಾದ ವಸ್ತು ಪ್ಯಾರಾ-ಫಿನೈಲೀನ್‌ಡೈಅಮೀನ್. ಚಿಕ್ಕದಾಗಿ ಪಿಪಿಡಿ ಎನ್ನುತ್ತಾರೆ. ಕಣ ಸಣ್ಣದು, ಕೂದಲಿನೊಳಗೆ ಹೋಗಿ ಅಲ್ಲಿ ಆಮ್ಲಜನಕದ ಜೊತೆ ಸೇರಿ ದೊಡ್ಡ ಕಪ್ಪು ಕಣವಾಗಿ ಕೂತುಬಿಡುತ್ತದೆ. ಅದಕ್ಕೇ ತೊಳೆದರೂ ಬಣ್ಣ ಹೋಗುವುದಿಲ್ಲ. ಅಷ್ಟು ಸಣ್ಣ ಕಣವಾದ್ದರಿಂದಲೇ ಚರ್ಮದೊಳಕ್ಕೂ ಸಲೀಸಾಗಿ ಇಳಿಯುತ್ತದೆ. ಯುರೋಪಿನ ನಿಯಮದಲ್ಲಿ ತಲೆಗೆ ಹಚ್ಚುವ ಹೊತ್ತಿಗೆ ಇದು 2 ಶೇಕಡಾ ಮೀರಬಾರದು.

"ಹರ್ಬಲ್" ಎಂದು ಬರೆದಿತ್ತಲ್ಲ? ಇಲ್ಲೊಂದು ಸುಲಭ ಗುರುತು ಇದೆ. ನಿಜವಾದ ಮದರಂಗಿ ಸೊಪ್ಪು ಕೊಡುವ ಬಣ್ಣ ಕೇಸರಿ ಮಿಶ್ರಿತ ಕಂದು, ಅದಕ್ಕೂ ಗಂಟೆಗಟ್ಟಲೆ ಬೇಕು. ನೀಲಿ ಗಿಡದ ಪುಡಿ ಸೇರಿಸಿ ಗಾಢ ಮಾಡಬಹುದು, ಅದೂ ನಿಧಾನದ ಕೆಲಸ. ಅರ್ಧ ಗಂಟೆಯಲ್ಲಿ ಕಡುಕಪ್ಪು ಬಂದು ತಿಂಗಳುಗಟ್ಟಲೆ ನಿಂತರೆ ಅದರಲ್ಲಿ ಪಿಪಿಡಿ ಅಥವಾ ಅದರ ಸಂಬಂಧಿ ಇದೆ ಎಂದೇ ಅನುಮಾನ ಪಡಿ. "ಅಮೋನಿಯಾ ಇಲ್ಲ" ಎಂಬ ಬರಹವೂ ಇದೇ ಸಾಲಿನದು. ಅಮೋನಿಯಾ ಬೇರೆ, ಪಿಪಿಡಿ ಬೇರೆ. ಒಂದಿಲ್ಲ ಅಂದರೆ ಇನ್ನೊಂದೂ ಇಲ್ಲ ಎಂದು ಅರ್ಥವಲ್ಲ.

ಲೇಬಲ್ಲಿನಲ್ಲಿ ಪಟ್ಟಿ ಇರಬೇಕಲ್ಲ, ಕೇಳುವುದೇಕೆ? ಸೌಂದರ್ಯವರ್ಧಕಗಳ ನಿಯಮದಲ್ಲಿ ಪದಾರ್ಥಗಳನ್ನು ಹೆಚ್ಚಿನದರಿಂದ ಕಡಿಮೆಯ ಕ್ರಮದಲ್ಲಿ ಬರೆಯಬೇಕು ಎಂದಿದೆ. ಶೇಕಡಾ ಒಂದಕ್ಕಿಂತ ಕಡಿಮೆ ಇರುವುದನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಆದರೆ ಸಣ್ಣ ಪೊಟ್ಟಣಗಳಿಗೆ, ಅಂದರೆ 30 ಗ್ರಾಂಗಿಂತ ಕಡಿಮೆಯ ಪುಡಿ ಅಥವಾ ಕ್ರೀಮಿಗೆ, 60 ಮಿಲಿಗಿಂತ ಕಡಿಮೆಯ ದ್ರವಕ್ಕೆ, ಈ ಪಟ್ಟಿಯಿಂದ ವಿನಾಯಿತಿ ಇದೆ. ನಮ್ಮ ಅಂಗಡಿಗಳಲ್ಲಿ ಸರ ಕಟ್ಟಿ ನೇತುಹಾಕುವ ಪೊಟ್ಟಣಗಳಲ್ಲಿ ಹೆಚ್ಚಿನವು ಈ ಅಳತೆಯೊಳಗೇ ಬರುತ್ತವೆ. ಪಟ್ಟಿ ಇದ್ದರೂ "ಸುಗಂಧ" ಎಂಬ ಒಂದೇ ಪದದ ಒಳಗೆ ಹಲವು ವಸ್ತು ಅಡಗಿರಬಹುದು.

ಎಚ್ಚರಿಕೆ ಬರಹಕ್ಕೆ ಮಾತ್ರ ಇಂಥ ಸಡಿಲಿಕೆ ಇಲ್ಲ. ಪಿಪಿಡಿ ಇರುವ ಡೈಯ ಮೇಲೆ "ಕೆಲವರಿಗೆ ಚರ್ಮ ಕೆರಳಬಹುದು, ಮೊದಲು ಪರೀಕ್ಷೆ ಮಾಡಿ ನೋಡಿ, ಹುಬ್ಬು ರೆಪ್ಪೆಗಳಿಗೆ ಹಚ್ಚಬೇಡಿ, ಕುರುಡುತನ ಬರಬಹುದು" ಎಂಬ ಅರ್ಥದ ಎಚ್ಚರಿಕೆ ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಇರಬೇಕು. ಕಿವಿಯ ಹಿಂದೆ ಅಥವಾ ಮುಂಗೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ, 24 ಗಂಟೆ ಬಿಟ್ಟು ನೋಡುವ ವಿಧಾನವನ್ನೂ ಪೊಟ್ಟಣದೊಳಗೆ ತಿಳಿಸಬೇಕು. ನಿಮ್ಮ ಪೊಟ್ಟಣದಲ್ಲಿ ಕನ್ನಡ ಇತ್ತೇ? ಒಳಗೆ ಸೂಚನೆಯ ಚೀಟಿ ಇತ್ತೇ? ಸರದಿಂದ ಕಿತ್ತುಕೊಟ್ಟ ಪೊಟ್ಟಣದಲ್ಲಿ ಹಿಂದಿ ಮತ್ತು ಇಂಗ್ಲಿಷ್ ಮಾತ್ರ ಇದ್ದರೆ ಪತ್ರದಲ್ಲಿ ಅದನ್ನು ಖಂಡಿತ ಬರೆಯಿರಿ. ನಿಮ್ಮ ಪತ್ರಕ್ಕೆ ತೂಕ ಕೊಡುವ ಮಾತು ಇದು. ಸರಿಯಾದ ಸೂಚನೆ, ಎಚ್ಚರಿಕೆ ಕೊಡದ ತಯಾರಕ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹೊಣೆಗಾರನಾಗುತ್ತಾನೆ.

ಇದರ ಇನ್ನೊಂದು ಮುಖವೂ ಇದೆ. ಎಚ್ಚರಿಕೆ ಸರಿಯಾಗಿತ್ತು, ನೀವು ಪರೀಕ್ಷೆ ಮಾಡಲಿಲ್ಲ ಎಂದಾದರೆ ನಿಮ್ಮ ಕೈ ಅಷ್ಟು ಬಲವಾಗಿಲ್ಲ. ಕಂಪನಿ ಕೇಳುವ ಮೊದಲ ಪ್ರಶ್ನೆಯೇ ಅದು. ಮಾಡದೆ ಮಾಡಿದೆ ಎನ್ನಬೇಡಿ. ಮಾಡಿಯೂ 24 ಗಂಟೆಯಲ್ಲಿ ಏನೂ ಕಾಣದಿದ್ದರೆ ಅದನ್ನೂ ಬರೆಯಿರಿ, ಕೆಲವರಿಗೆ ಅದಕ್ಕಿಂತ ತಡವಾಗಿ ಏಳುತ್ತದೆ.

ಈಗ ಕೇಳುವ ಬಗೆ. "ನಿಮ್ಮ ಫಾರ್ಮುಲಾ ಕೊಡಿ" ಎಂದು ಬರೆದರೆ ವ್ಯಾಪಾರ ಗುಟ್ಟು ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ನಿಮಗೆ ಬೇಕಿರುವುದು ವಸ್ತುಗಳ ಹೆಸರು, ಹೆಚ್ಚೆಂದರೆ ಪಿಪಿಡಿ ಒಂದರ ಪ್ರಮಾಣ. ಉಳಿದದ್ದನ್ನು ಎಷ್ಟು ಹಾಕಿ ಹೇಗೆ ಕಲಸುತ್ತಾರೆ ಎಂಬುದಲ್ಲ. ಹಾಗಾಗಿ ಹೌದು-ಇಲ್ಲ ಎನ್ನಬೇಕಾದಂತೆ, ಹೆಸರು ಹೇಳಿ ಕೇಳಿ. ಪಿಪಿಡಿ ಇದೆಯೇ? ಟಾಲುಯೀನ್-2,5-ಡೈಅಮೀನ್ ಇದೆಯೇ? ರೆಸಾರ್ಸಿನಾಲ್ ಇದೆಯೇ? ಅಮಿನೋಫೀನಾಲ್ ಇದೆಯೇ? ಇವೆಲ್ಲ ಡೈಗಳಲ್ಲಿ ಪಿಪಿಡಿಯ ಜೊತೆಗೋ ಅದರ ಬದಲಿಗೋ ಬರುವ ವಸ್ತುಗಳು. ಪಿಪಿಡಿ ಆಗದವರಲ್ಲಿ ಹಲವರಿಗೆ ಟಾಲುಯೀನ್-ಡೈಅಮೀನ್ ಕೂಡ ಆಗುವುದಿಲ್ಲ, ಆದ್ದರಿಂದ "ಪಿಪಿಡಿ ಇಲ್ಲ" ಎಂಬ ಉತ್ತರ ಒಂದೇ ಸಾಲದು. ಪಿಪಿಡಿ ಲೇಬಲ್ಲಿನಲ್ಲಿ 1,4-ಡೈಅಮಿನೋಬೆಂಜೀನ್ ಎಂದೋ ಸಿ.ಐ. 76060 ಎಂಬ ಬಣ್ಣದ ಸಂಖ್ಯೆಯಾಗಿಯೋ ಬಂದಿರಬಹುದು, ಅದನ್ನೂ ನೋಡಿಕೊಳ್ಳಿ.

ಎರಡು ವರ್ಷ ಸುಮ್ಮನಿದ್ದ ಡೈ ಈಗ ಕಾಡಿದ್ದರೆ ಇನ್ನೊಂದು ಪ್ರಶ್ನೆ ಸೇರಿಸಿ: ಇತ್ತೀಚೆಗೆ ಪದಾರ್ಥ ಬದಲಾಗಿದೆಯೇ, ಯಾವ ಬ್ಯಾಚಿನಿಂದ? ನಿಮಗೆ ಹೇಳಲು ಹಿಂಜರಿದರೆ ನೇರವಾಗಿ ವೈದ್ಯರಿಗೆ ತಿಳಿಸಲಿ ಎಂಬ ದಾರಿಯನ್ನೂ ಬಿಟ್ಟಿರಿ.

5. ಹಣದ ಮಾತು

ಎರಡು ಮೊತ್ತವನ್ನು ಬೇರೆ ಬೇರೆ ಬರೆಯಿರಿ: ಮಾಲಿನ ಬೆಲೆ, ಚಿಕಿತ್ಸೆಯ ಖರ್ಚು. ನಮ್ಮ ಉದಾಹರಣೆಯಲ್ಲಿ ಎರಡು ಪೊಟ್ಟಣಕ್ಕೆ ಒಟ್ಟು 40 ರೂ., ವೈದ್ಯರಿಗೆ 300 ರೂ., ಔಷಧಿಗೆ 460 ರೂ., ಒಟ್ಟು 800 ರೂ. ಎಂದಿಟ್ಟುಕೊಳ್ಳಿ. ಬೆಲೆಯನ್ನು ಬೇಗ ಕೊಡುತ್ತಾರೆ. ಚಿಕಿತ್ಸೆಯ ಖರ್ಚಿಗೆ ರಸೀದಿ ಕೇಳುತ್ತಾರೆ, ಚೌಕಾಸಿ ಮಾಡುತ್ತಾರೆ. ಬೇರೆ ಬರೆದಿದ್ದರೆ ಒಂದು ಸಿಕ್ಕಿದ ಮೇಲೆ ಇನ್ನೊಂದನ್ನು ಕೇಳುತ್ತ ಹೋಗಬಹುದು. ಮೊದಲ ಪತ್ರದಲ್ಲೇ ಲಕ್ಷ ರೂಪಾಯಿ ಪರಿಹಾರ ಎಂದರೆ ಪತ್ರ ಕಾನೂನು ವಿಭಾಗಕ್ಕೆ ಹೋಗುತ್ತದೆ, ಪದಾರ್ಥಗಳ ಪಟ್ಟಿ ಬರುವ ಬಾಗಿಲು ಮುಚ್ಚುತ್ತದೆ.

ಬದಲಿ ಮಾಲು ಬೇಡವೆಂದು ಸ್ಪಷ್ಟ ಬರೆಯಿರಿ. ಇಲ್ಲದಿದ್ದರೆ ಅದೇ ಕಂಪನಿಯ ಬೇರೆ ಡೈಗಳ ಒಂದು ಡಬ್ಬಿ ಕೊರಿಯರ್‌ನಲ್ಲಿ ಬಂದು ಕೂರುತ್ತದೆ, ಯಾರಿಗೆ ಬೇಕು?

6. ಪತ್ರ ಬರೆಯಿರಿ

ಒಂದೂವರೆ ಪುಟ ಮೀರದಿರಲಿ. ಸಿಟ್ಟು ಬರುವುದು ಸಹಜ, ಆದರೆ "ವಿಷ ಮಾರುತ್ತಿದ್ದೀರಿ" ಎಂಬಂಥ ಮಾತು ಬೇಡ. ನೋಡಿದ್ದನ್ನು ಮಾತ್ರ ಬರೆಯಿರಿ. "ನಿಮ್ಮ ಡೈಯಲ್ಲಿ ಪಿಪಿಡಿ ಇದೆ" ಎಂದು ತೀರ್ಪು ಕೊಡಬೇಡಿ, ಇದೆಯೇ ಎಂದು ಕೇಳಿ. ಮಾದರಿ ಹೀಗಿರಬಹುದು:

> ಇಂದ: (ಹೆಸರು, ವಿಳಾಸ, ಫೋನ್), ಅಂಕೋಲಾ, ಉತ್ತರ ಕನ್ನಡ ಜಿಲ್ಲೆ
> ಗೆ: ಗ್ರಾಹಕ ಸಂಪರ್ಕ ಅಧಿಕಾರಿಗಳು, (ತಯಾರಕರ ಹೆಸರು, ವಿಳಾಸ)
> ಪ್ರತಿ: (ಮಾರಾಟಗಾರರ ಹೆಸರು, ವಿಳಾಸ)
>
> ವಿಷಯ: (ಮಾಲಿನ ಹೆಸರು), ಬ್ಯಾಚ್ ಸಂಖ್ಯೆ (…): ಬಳಸಿದ ನಂತರ ತುರಿಕೆ ಮತ್ತು ಬಾವು, ಪದಾರ್ಥಗಳ ವಿವರ ಹಾಗೂ ಹಣ ವಾಪಸಾತಿ ಕೋರಿ
>
> ಮಾನ್ಯರೇ,
>
> ನಾನು (ದಿನಾಂಕ)ದಂದು ಅಂಕೋಲಾದ ಅಂಗಡಿಯೊಂದರಲ್ಲಿ ನಿಮ್ಮ ಮೇಲ್ಕಂಡ ಮಾಲಿನ ಎರಡು ಪೊಟ್ಟಣಗಳನ್ನು 40 ರೂ. ಕೊಟ್ಟು ಕೊಂಡೆ. ತಯಾರಾದ ತಿಂಗಳು (…), ಪರವಾನಗಿ ಸಂಖ್ಯೆ (…).
>
> ಭಾನುವಾರ (ದಿನಾಂಕ) ಬೆಳಗ್ಗೆ 10 ಗಂಟೆಗೆ ಹಚ್ಚಿ, ಅರ್ಧ ಗಂಟೆಯ ನಂತರ ತೊಳೆದೆ. ಸೋಮವಾರ ರಾತ್ರಿ 9ಕ್ಕೆ ಕಿವಿಯ ಹಿಂದೆ ತುರಿಕೆ ಶುರುವಾಯಿತು. ಮಂಗಳವಾರ ಬೆಳಗ್ಗೆ ಎರಡೂ ಕಣ್ಣಿನ ರೆಪ್ಪೆ ಬಾತಿದ್ದವು, ಹಣೆಯ ಅಂಚಿನಲ್ಲಿ ಗುಳ್ಳೆಗಳು ಎದ್ದಿದ್ದವು. ಅದೇ ದಿನ ವೈದ್ಯರಿಗೆ ತೋರಿಸಿದೆ. ಈ ಮಾಲನ್ನು ಎರಡು ವರ್ಷದಿಂದ ಬಳಸುತ್ತಿದ್ದೆ, ಹಿಂದೆ ತೊಂದರೆ ಆಗಿರಲಿಲ್ಲ. ಆ ವಾರ ಬೇರೆ ಹೊಸ ಎಣ್ಣೆ, ಸಾಬೂನು, ಔಷಧಿ ಬಳಸಿಲ್ಲ.
>
> ಪೊಟ್ಟಣದ ಮೇಲೆ ಎಚ್ಚರಿಕೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಕನ್ನಡದಲ್ಲಿ ಇರಲಿಲ್ಲ, ಪರೀಕ್ಷೆಯ ವಿಧಾನ ತಿಳಿಸುವ ಚೀಟಿಯೂ ಇರಲಿಲ್ಲ. ನಾನು ಮುಂಚಿತವಾಗಿ ಪರೀಕ್ಷೆ ಮಾಡಿಲ್ಲ.
>
> ನನ್ನ ಚಿಕಿತ್ಸೆಗೆ ಅಗತ್ಯವಾದ್ದರಿಂದ ದಯವಿಟ್ಟು ತಿಳಿಸಿ:
> (1) ಈ ಬ್ಯಾಚಿನಲ್ಲಿರುವ ಎಲ್ಲ ಪದಾರ್ಥಗಳ ಹೆಸರು, ಸುಗಂಧ ಮತ್ತು ಕೆಡದಂತೆ ಹಾಕುವ ವಸ್ತುಗಳೂ ಸೇರಿ.
> (2) ಪ್ಯಾರಾ-ಫಿನೈಲೀನ್‌ಡೈಅಮೀನ್, ಟಾಲುಯೀನ್-2,5-ಡೈಅಮೀನ್, ರೆಸಾರ್ಸಿನಾಲ್, ಅಮಿನೋಫೀನಾಲ್: ಇವುಗಳಲ್ಲಿ ಯಾವುದು ಇದೆ, ಯಾವುದು ಇಲ್ಲ. ಮೊದಲನೆಯದು ಇದ್ದರೆ ಕಲಸಿದ ನಂತರ ಶೇಕಡಾ ಎಷ್ಟು.
> (3) ಕಳೆದ ಎರಡು ವರ್ಷಗಳಲ್ಲಿ ಪದಾರ್ಥ ಬದಲಾಗಿದ್ದರೆ ಯಾವ ಬ್ಯಾಚಿನಿಂದ.
> ನನಗೆ ತಿಳಿಸಲು ಆಗದ ವಿವರವನ್ನು ನನ್ನ ವೈದ್ಯರಿಗೆ ನೇರವಾಗಿ ತಿಳಿಸಬಹುದು.
>
> ಹಾಗೆಯೇ ಮಾಲಿನ ಬೆಲೆ 40 ರೂ. ಮತ್ತು ಚಿಕಿತ್ಸೆಯ ಖರ್ಚು 760 ರೂ. ಮರಳಿಸಬೇಕೆಂದು ಕೋರುತ್ತೇನೆ. ಬದಲಿ ಮಾಲು ಬೇಡ.
>
> ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ನಿರೀಕ್ಷಿಸುತ್ತೇನೆ. ಉಳಿದ ಪುಡಿ ಮತ್ತು ಪೊಟ್ಟಣ ನನ್ನ ಬಳಿ ಇದೆ.
>
> ಲಗತ್ತು: ಪೊಟ್ಟಣದ ಫೋಟೋ, ಮುಖದ ಫೋಟೋ, ವೈದ್ಯರ ಚೀಟಿ, ಔಷಧಿ ರಸೀದಿ, ಹಣ ಕೊಟ್ಟ ದಾಖಲೆ (ಎಲ್ಲವೂ ನಕಲು)

ಹೊರರಾಜ್ಯದ ಕಂಪನಿಯಾದರೆ ಇದನ್ನೇ ಇಂಗ್ಲಿಷಿನಲ್ಲಿ ಬರೆಸಿ, ಬೇಗ ಓದುತ್ತಾರೆ. ಮಾದರಿಯಲ್ಲಿರುವುದನ್ನು ಹಾಗೆಯೇ ನಕಲು ಮಾಡಬೇಡಿ. ನಿಮ್ಮ ಪೊಟ್ಟಣದಲ್ಲಿ ಕನ್ನಡ ಎಚ್ಚರಿಕೆ ಇದ್ದರೆ ಆ ಸಾಲು ತೆಗೆಯಿರಿ. ಸುಳ್ಳು ಒಂದು ಸಿಕ್ಕಿಬಿದ್ದರೆ ಉಳಿದದ್ದನ್ನು ಯಾರೂ ನಂಬುವುದಿಲ್ಲ.

7. ಕಳಿಸುವುದು, ಕಾಯುವುದು

ಇಮೇಲ್ ಮಾಡಿ, ಅದರ ಮುದ್ರಿತ ಪ್ರತಿಗೆ ಸಹಿ ಹಾಕಿ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ತಲುಪಿದ್ದಕ್ಕೆ ಪುರಾವೆ ಬೇಕೆಂದು ಅಂಚೆ ಕಚೇರಿಯಲ್ಲಿ ಹೇಳಿ, ರಸೀದಿ ಜೋಪಾನ ಮಾಡಿ. ಮೂಲ ರಸೀದಿ, ಮೂಲ ಪೊಟ್ಟಣ ಯಾವುದನ್ನೂ ಕಳಿಸಬೇಡಿ.

ಕಂಪನಿ "ಪರೀಕ್ಷೆಗೆ ಮಾದರಿ ಕಳಿಸಿ" ಎನ್ನಬಹುದು. ಕೋರಿಕೆ ನ್ಯಾಯವಾದದ್ದೇ. ಆದರೆ ಉಳಿದದ್ದನ್ನೆಲ್ಲ ಕೊಟ್ಟರೆ ನಿಮ್ಮ ಕೈ ಖಾಲಿ. ಅರ್ಧ ಕೊಡಿ, ಅರ್ಧ ಇಟ್ಟುಕೊಳ್ಳಿ. ಕೊಟ್ಟದ್ದಕ್ಕೆ ತೂಕ ಮತ್ತು ಬ್ಯಾಚ್ ಸಂಖ್ಯೆ ನಮೂದಿಸಿದ ಸ್ವೀಕೃತಿ ಬರೆಸಿಕೊಳ್ಳಿ.

ಇನ್ನೊಂದು ಬಲೆ ಸಹಿಯದು. ಹಣ ಕೊಡುವಾಗ "ಇನ್ನು ಯಾವ ಕ್ಲೇಮೂ ಇಲ್ಲ" ಎಂಬ ಕಾಗದ ಮುಂದಿಡುತ್ತಾರೆ. ಬರೀ 40 ರೂಪಾಯಿಗೆ ಅಂಥ ಕಾಗದಕ್ಕೆ ಸಹಿ ಹಾಕಬೇಡಿ. ಚಿಕಿತ್ಸೆ ಮುಗಿದಿರಬೇಕು, ಪದಾರ್ಥಗಳ ಪಟ್ಟಿ ಕೈಗೆ ಬಂದಿರಬೇಕು, ಆಮೇಲೆ ನೋಡಿ. ಈಗ ಹಾಕಲೇಬೇಕಾದರೆ "ಮಾಲಿನ ಬೆಲೆ ಮಾತ್ರ ಪಡೆದಿದ್ದೇನೆ" ಎಂದು ನಿಮ್ಮ ಕೈಬರಹದಲ್ಲಿ ಸೇರಿಸಿ.

8. ಉತ್ತರ ಬರದಿದ್ದರೆ

ಹದಿನೈದು ದಿನ ಕಳೆದ ಮೇಲೆ 1915ಕ್ಕೆ ಕರೆ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. consumerhelpline.gov.in ನಲ್ಲೂ ದೂರು ಹಾಕಬಹುದು. ಅವರು ಕಂಪನಿಗೆ ದೂರು ತಲುಪಿಸಿ ಉತ್ತರ ತರಿಸಲು ನೋಡುತ್ತಾರೆ. ಆದೇಶ ಮಾಡುವ ಅಧಿಕಾರ ಅವರಿಗಿಲ್ಲ, ಆದರೂ ಸಣ್ಣ ಮೊತ್ತಕ್ಕೆ ಅನೇಕ ಸಲ ಇಷ್ಟೇ ಸಾಕಾಗುತ್ತದೆ.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಕಾರವಾರದಲ್ಲಿದೆ. ಕಂಪನಿ ಎಲ್ಲಿಯದೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಾಲಿನ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ಶಿರಸಿ, ಸಿದ್ದಾಪುರದವರು ಅರ್ಜಿಗಾಗಿ ಘಟ್ಟ ಇಳಿಯಬೇಕಿಲ್ಲ, e-jagriti.gov.in ನಲ್ಲಿ ಸಲ್ಲಿಸಬಹುದು. ನನ್ನ ಅಭಿಪ್ರಾಯ ಕೇಳಿದರೆ, ಎರಡು ದಿನ ತುರಿಸಿ ವಾಸಿಯಾದ ಪ್ರಕರಣಕ್ಕೆ ಆಯೋಗದವರೆಗೆ ಓಡಾಡುವುದು ಬೇಡ. ಆಸ್ಪತ್ರೆಗೆ ಸೇರಿದ್ದರೆ, ಕೆಲಸ ತಪ್ಪಿದ್ದರೆ, ಎಚ್ಚರಿಕೆಯೇ ಇಲ್ಲದ ಮಾಲಾಗಿದ್ದರೆ ಹೋಗಿ.

"ಪಿಪಿಡಿ ಇಲ್ಲ" ಎಂದು ಕಂಪನಿ ಬರೆದುಕೊಟ್ಟು, ನಿಮಗೆ ಅನುಮಾನ ಉಳಿದಿದ್ದರೆ ಇನ್ನೊಂದು ದಾರಿ ಇದೆ. ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 26ನೇ ಕಲಮಿನಲ್ಲಿ, ಕೊಂಡ ವ್ಯಕ್ತಿಯೇ ನಿಗದಿತ ಶುಲ್ಕ ಕಟ್ಟಿ ಮಾಲನ್ನು ಸರ್ಕಾರಿ ವಿಶ್ಲೇಷಕರ ಪರೀಕ್ಷೆಗೆ ಕೊಡಬಹುದು, ಸಹಿ ಮಾಡಿದ ವರದಿಯನ್ನೂ ಪಡೆಯಬಹುದು. ಅರ್ಜಿಯ ವಿವರ ಔಷಧ ನಿಯಂತ್ರಣ ಅಧಿಕಾರಿಗಳ ಕಚೇರಿಯಲ್ಲಿ ಸಿಗುತ್ತದೆ. ತೆರೆಯದೆ ಇಟ್ಟ ಎರಡನೇ ಪೊಟ್ಟಣ ಉಪಯೋಗಕ್ಕೆ ಬರುವುದು ಆಗ.

9. ಪಟ್ಟಿ ಬಂದ ಮೇಲೆ

ಪಟ್ಟಿಯನ್ನು ಚರ್ಮರೋಗ ವೈದ್ಯರ ಬಳಿ ಒಯ್ಯಿರಿ. ಗುಳ್ಳೆ, ಬಾವು ಪೂರ್ತಿ ಇಳಿದು ಕೆಲವು ವಾರಗಳಾದ ಮೇಲೆ ಅವರು ಪ್ಯಾಚ್ ಟೆಸ್ಟ್ ಮಾಡಬಹುದು. ಅಂದರೆ ಅನುಮಾನದ ವಸ್ತುಗಳನ್ನು ಅಳತೆ ಮಾಡಿ ಬೆನ್ನಿನ ಮೇಲೆ ಪಟ್ಟಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡುವುದು, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುವುದು. ಪಿಪಿಡಿಗೆ ಸಾಮಾನ್ಯವಾಗಿ ಶೇಕಡಾ 1ರ ಮುಲಾಮು ಬಳಸುತ್ತಾರೆ. ಈ ಸೌಲಭ್ಯ ಎಲ್ಲ ಕ್ಲಿನಿಕ್‌ಗಳಲ್ಲಿ ಇರುವುದಿಲ್ಲ. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ಹುಬ್ಬಳ್ಳಿ, ಮಂಗಳೂರು ಕಡೆಯ ದೊಡ್ಡ ಆಸ್ಪತ್ರೆಯಲ್ಲೋ ಮೊದಲು ಫೋನ್ ಮಾಡಿ ಕೇಳಿಕೊಂಡು ಹೋಗಿ. ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಂಚೆಯೇ ತಿಳಿಸಿ, ಪರೀಕ್ಷೆಯ ಫಲ ಅದರಿಂದ ಮರೆಯಾಗಬಹುದು.

ಪಿಪಿಡಿಯೇ ಎಂದು ಖಚಿತವಾದರೆ ಆ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ, ಪಾರ್ಲರಿನವರಿಗೆ ತೋರಿಸಲು ಬೇಕಾಗುತ್ತದೆ. ಹಲ್ಲಿನ ವೈದ್ಯರಿಗೂ ತೋರಿಸಿ. ಮರಗಟ್ಟಿಸುವ ಕೆಲವು ಮುಲಾಮುಗಳಲ್ಲಿರುವ ಬೆಂಜೋಕೇನ್ ಎಂಬ ಔಷಧಿ ಪಿಪಿಡಿ ಆಗದ ಕೆಲವರಿಗೆ ಆಗುವುದಿಲ್ಲ.